ಚುಕ್ಕೆಗಳ ನಡುವೆ ಒಂದು ಗೆರೆ: ಇಳಿಜಾರಿನ ಸೂತ್ರ ಹುಟ್ಟುವ ಬಗೆ

ಗ್ರಾಫ್ ಹಾಳೆಯ ಮೇಲೆ ಚುಕ್ಕೆಗಳು ಹೆಚ್ಚೂಕಡಿಮೆ ಒಂದೇ ಸಾಲಿನಲ್ಲಿ ಬಿದ್ದಿದ್ದರೂ ಎಲ್ಲವನ್ನೂ ಮುಟ್ಟುವ ನೇರ ಗೆರೆ ಸಿಗುವುದು ಅಪರೂಪ. ಅಳತೆಯೆಂದ ಮೇಲೆ ಕೂದಲೆಳೆಯಷ್ಟಾದರೂ ವ್ಯತ್ಯಾಸ ಇದ್ದೇ ಇರುತ್ತದೆ. ಗೆರೆಯನ್ನು ಒಂದು ಚುಕ್ಕೆಯತ್ತ ತಿರುಗಿಸಿದರೆ ಇನ್ನೊಂದು ದೂರವಾಗುತ್ತದೆ. ಕಣ್ಣಂದಾಜಿನಲ್ಲಿ ಎಳೆದರೆ ಹತ್ತು ಮಂದಿ ಹತ್ತು ಗೆರೆ ಎಳೆಯುತ್ತಾರೆ. ಕನಿಷ್ಠ ವರ್ಗಗಳ ವಿಧಾನ ಈ ಜಗಳವನ್ನು ಒಂದು ನಿಯಮದಿಂದ ಮುಗಿಸುತ್ತದೆ: ಪ್ರತಿ ಚುಕ್ಕೆಯೂ ಗೆರೆಯಿಂದ ಎಷ್ಟು ಮೇಲೆ ಅಥವಾ ಕೆಳಗೆ ಇದೆ ಎಂದು ಅಳೆದು, ಆ ದೂರಗಳನ್ನು ವರ್ಗ ಮಾಡಿ ಕೂಡಿಸಬೇಕು, ಮೊತ್ತ ಯಾವ ಗೆರೆಗೆ ಅತಿ ಕಡಿಮೆಯೋ ಅದೇ ಬೇಕಾದ ಗೆರೆ. ಇಷ್ಟು ಹೇಳಿದ ಮೇಲೆ ಗೆರೆಯ ಇಳಿಜಾರು ಎಷ್ಟೆಂಬುದು ಊಹೆಗೆ ಬಿಟ್ಟ ವಿಷಯವಾಗಿ ಉಳಿಯುವುದಿಲ್ಲ. ಕಲನಶಾಸ್ತ್ರದ ಮೊದಲ ಪಾಠಗಳಷ್ಟೇ ಗೊತ್ತಿದ್ದರೂ ಅದನ್ನು ಲೆಕ್ಕ ಹಾಕಿ ತೆಗೆಯಬಹುದು.

ಕಾಲೇಜಿನ ಪ್ರಯೋಗಾಲಯದ ಒಂದು ಸ್ಪ್ರಿಂಗನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಸ್ಪ್ರಿಂಗನ್ನು ಕಂಬಕ್ಕೆ ತೂಗುಹಾಕಿದೆ. ಅದರ ಕೆಳತುದಿಯ ಮುಳ್ಳು ಪಕ್ಕದ ಅಳತೆಪಟ್ಟಿಯ ಮೇಲೆ ಸರಿಯುತ್ತದೆ. 100 ಗ್ರಾಂ ತೂಕ ಹಾಕಿದಾಗ ಮುಳ್ಳು 12.1 ಸೆಂಟಿಮೀಟರಿನಲ್ಲಿ ನಿಂತಿತು. 200 ಗ್ರಾಂಗೆ 14.0, 300 ಗ್ರಾಂಗೆ 16.3, 400 ಗ್ರಾಂಗೆ 17.8, 500 ಗ್ರಾಂಗೆ 20.3. ತೂಕವನ್ನು ನೂರು ಗ್ರಾಂಗಳಲ್ಲಿ ಎಣಿಸಿ x ಎಂದೂ, ಮುಳ್ಳು ತೋರಿಸಿದ್ದನ್ನು y ಎಂದೂ ಕರೆದರೆ x ಎಂಬುದು 1, 2, 3, 4, 5 ಆಗುತ್ತದೆ. ಹುಡುಕಬೇಕಾದ ಗೆರೆ ಇದು:

y = mx + c

ಇಲ್ಲಿ m ಇಳಿಜಾರು, ಅಂದರೆ ನೂರು ಗ್ರಾಂ ಹೆಚ್ಚಿದಾಗ ಮುಳ್ಳು ಎಷ್ಟು ಸೆಂಟಿಮೀಟರ್ ಇಳಿಯುತ್ತದೆ ಎಂಬ ಲೆಕ್ಕ. c ಎಂಬುದು ತೂಕವೇ ಇಲ್ಲದಾಗ ಮುಳ್ಳು ಇರಬೇಕಾದ ಜಾಗ. ತೂಕ x ಇದ್ದಾಗ ಗೆರೆ ಹೇಳುವ ಬೆಲೆ mx + c, ಅಳತೆ ಹೇಳುವ ಬೆಲೆ y. ಇವೆರಡರ ಅಂತರ y − mx − c. ಇದನ್ನು ದೋಷ ಎನ್ನುವುದು ರೂಢಿ. ಚುಕ್ಕೆ ಗೆರೆಗಿಂತ ಮೇಲಿದ್ದರೆ ದೋಷ ಧನ, ಕೆಳಗಿದ್ದರೆ ಋಣ.

ದೋಷಗಳನ್ನು ಇದ್ದ ಹಾಗೆಯೇ ಕೂಡಿಸಿದರೆ ಪ್ರಯೋಜನವಿಲ್ಲ. ಧನವೂ ಋಣವೂ ಒಂದನ್ನೊಂದು ಹೊಡೆದುಹಾಕಿ, ಗೆರೆ ಎಷ್ಟೇ ಕೆಟ್ಟದಾಗಿದ್ದರೂ ಮೊತ್ತ ಸೊನ್ನೆಯಾಗಬಹುದು. ಚಿಹ್ನೆ ತೆಗೆದು ಬರೀ ದೂರಗಳನ್ನು ಕೂಡಿಸುವುದು ಒಂದು ದಾರಿ. ಭೂಮಿಯ ಆಕಾರ ತಿಳಿಯಲು ಅಕ್ಷಾಂಶದ ಒಂದು ಡಿಗ್ರಿಯ ಉದ್ದದ ಅಳತೆಗಳನ್ನು ಹೊಂದಿಸುತ್ತಿದ್ದ ಬಾಸ್ಕೊವಿಚ್ 18ನೇ ಶತಮಾನದಲ್ಲೇ ಈ ದಾರಿ ಹಿಡಿದಿದ್ದ. ಆದರೆ ಬರೀ ದೂರದ ಗ್ರಾಫ್ ಇಂಗ್ಲಿಷಿನ V ಅಕ್ಷರದಂತೆ ಸೊನ್ನೆಯಲ್ಲಿ ಮೊನಚಾಗಿರುತ್ತದೆ, ಆ ಮೊನೆಯಲ್ಲಿ ಅವಕಲನ ನಡೆಯುವುದಿಲ್ಲ. ವರ್ಗದ ಗ್ರಾಫಿಗೆ ಮೊನೆಯಿಲ್ಲ. ಅದು ಬಾಣಲೆಯ ತಳದಂತೆ ನುಣುಪಾಗಿ ತಿರುಗುತ್ತದೆ. ತಳ ಎಲ್ಲಿದೆ ಎಂದು ಅವಕಲನ ನೇರವಾಗಿ ತೋರಿಸುತ್ತದೆ. ಫ್ರಾನ್ಸಿನ ಲೆಜೆಂಡ್ರ್ 1805ರಲ್ಲಿ ಧೂಮಕೇತುಗಳ ಪಥ ಕುರಿತ ಪುಸ್ತಕದ ಅನುಬಂಧದಲ್ಲಿ ಈ ವಿಧಾನವನ್ನು ಪ್ರಕಟಿಸಿ ಅದಕ್ಕೆ ಹೆಸರನ್ನೂ ಇಟ್ಟ. 1809ರಲ್ಲಿ ಗೌಸ್ ತಾನು 1795ರಿಂದಲೇ ಇದನ್ನು ಬಳಸುತ್ತಿದ್ದೆನೆಂದು ಬರೆದಾಗ ಲೆಜೆಂಡ್ರ್‌ಗೆ ಸಿಟ್ಟು ಬಂತು. ದೋಷಗಳು ಗಂಟೆಯಾಕಾರದ ಹಂಚಿಕೆಯನ್ನು ಅನುಸರಿಸಿದರೆ ವರ್ಗಗಳ ಮೊತ್ತವನ್ನೇ ಕಡಿಮೆ ಮಾಡುವುದು ಸರಿ ಎಂಬುದಕ್ಕೆ ಸಂಭವನೀಯತೆಯ ಆಧಾರ ಕೊಟ್ಟವನು ಮಾತ್ರ ಗೌಸ್.

ವರ್ಗಗಳ ಮೊತ್ತವನ್ನು S ಎಂದು ಕರೆದರೆ:

S = Σ(y − mx − c)²

Σ ಎಂಬ ಚಿಹ್ನೆಗೆ ‘ಎಲ್ಲ ಚುಕ್ಕೆಗಳಿಗೂ ಲೆಕ್ಕ ಹಾಕಿ ಕೂಡಿಸು’ ಎಂದಷ್ಟೇ ಅರ್ಥ. ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ. ಶಾಲೆಯಲ್ಲಿ x, y ಎಂದರೆ ಚರಗಳು, m, c ಎಂದರೆ ಸ್ಥಿರಾಂಕಗಳು ಎಂದು ರೂಢಿಯಾಗಿರುತ್ತದೆ. ಇಲ್ಲಿ ಅದು ತಲೆಕೆಳಗು. ಅಳತೆ ಮುಗಿದುಹೋಗಿದೆ. x, y ಎಲ್ಲವೂ ಪುಸ್ತಕದಲ್ಲಿ ಬರೆದಿಟ್ಟ ಅಂಕಿಗಳು, ಬದಲಾಗುವಂಥವಲ್ಲ. ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಬಹುದಾದವು m ಮತ್ತು c ಮಾತ್ರ. ಹಾಗಾಗಿ ಅವಕಲನ ನಡೆಯುವುದು ಅವೆರಡರ ಮೇಲೆ. ಎರಡು ಚರಗಳಿರುವುದರಿಂದ ಒಂದನ್ನು ಅಲುಗದಂತೆ ಹಿಡಿದು ಇನ್ನೊಂದನ್ನು ಸರಿಸಿ ನೋಡಬೇಕು.

ಮೊದಲಿಗೆ m ಅನ್ನು 2ರಲ್ಲೇ ಹಿಡಿದಿಟ್ಟು c ಒಂದನ್ನೇ ಸರಿಸಿದರೆ ಏನಾಗುತ್ತದೆ ಎಂದು ನೋಡಬಹುದು. ಗೆರೆಯ ಓರೆ ಬದಲಾಗುವುದಿಲ್ಲ, ಇಡೀ ಗೆರೆ ಮೇಲಕ್ಕೆ ಅಥವಾ ಕೆಳಕ್ಕೆ ಸರಿಯುತ್ತದೆ. ಪ್ರತಿ ಚುಕ್ಕೆಗೂ y − 2x ಎಷ್ಟೆಂದು ತೆಗೆದರೆ 10.1, 10.0, 10.3, 9.8, 10.3 ಬರುತ್ತದೆ. ಈ ಐದಕ್ಕೂ ಸಾಧ್ಯವಾದಷ್ಟು ಹತ್ತಿರ ಇರುವ ಒಂದೇ ಒಂದು c ಬೇಕು. c = 10 ಎಂದರೆ ವರ್ಗಗಳ ಮೊತ್ತ 0.23. c = 10.1 ಎಂದರೆ 0.18. ಈ 10.1 ಎಂಬುದು ಆ ಐದು ಅಂಕಿಗಳ ಸರಾಸರಿ. ವರ್ಗಗಳ ಮೊತ್ತವನ್ನು ಕಡಿಮೆ ಮಾಡಹೊರಟರೆ ಸರಾಸರಿ ತಾನಾಗಿಯೇ ಎದುರಾಗುತ್ತದೆ. ಅದನ್ನೇ ಅವಕಲನ ಎಲ್ಲ m ಬೆಲೆಗಳಿಗೂ ಹೇಳುತ್ತದೆ. ಒಂದು ದೋಷದ ವರ್ಗವನ್ನು ಅವಕಲಿಸಿದರೆ ದೋಷದ ಎರಡರಷ್ಟು ಬರುತ್ತದೆ. c ಒಂದಂಶ ಹೆಚ್ಚಿದರೆ ದೋಷ ಒಂದಂಶ ಕುಗ್ಗುವುದರಿಂದ ಅದಕ್ಕೆ −1 ಗುಣಕವೂ ಸೇರುತ್ತದೆ. ಎಲ್ಲ ಚುಕ್ಕೆಗಳನ್ನೂ ಕೂಡಿಸಿ, ಬಾಣಲೆಯ ತಳದಲ್ಲಿ ಏರಿಳಿತವಿಲ್ಲವೆಂದು ಸೊನ್ನೆಗೆ ಸಮ ಮಾಡಿದರೆ:

∂S/∂c = −2 Σ(y − mx − c) = 0

ಎರಡು ಕಡೆಯನ್ನೂ −2ರಿಂದ ಭಾಗಿಸಿದರೆ ಉಳಿಯುವುದು ‘ದೋಷಗಳ ಮೊತ್ತ ಸೊನ್ನೆ’ ಎಂಬ ಮಾತು. ಅದನ್ನು ಬಿಡಿಸಿ ಚುಕ್ಕೆಗಳ ಸಂಖ್ಯೆಯಿಂದ ಭಾಗಿಸಿದಾಗ, x ಬೆಲೆಗಳ ಸರಾಸರಿಯನ್ನು x̄ ಎಂದೂ y ಬೆಲೆಗಳ ಸರಾಸರಿಯನ್ನು ȳ ಎಂದೂ ಬರೆದರೆ, ಸಿಗುವುದು:

c = ȳ − m x̄

ಇದರ ಅರ್ಥ ಸರಳ. ಅತ್ಯುತ್ತಮ ಗೆರೆ ಸರಾಸರಿ ಚುಕ್ಕೆಯನ್ನು ಹಾದೇ ಹೋಗಬೇಕು. ಸ್ಪ್ರಿಂಗಿನ ಲೆಕ್ಕದಲ್ಲಿ x̄ = 3, ȳ = 16.1. ಗೆರೆಗೆ ಆ ಜಾಗದಲ್ಲಿ ಮೊಳೆ ಹೊಡೆದ ಹಾಗಾಯಿತು. ಇನ್ನು ಉಳಿದಿರುವುದು ಆ ಮೊಳೆಯ ಸುತ್ತ ಗೆರೆಯನ್ನು ಎಷ್ಟು ತಿರುಗಿಸಬೇಕು ಎಂಬ ಪ್ರಶ್ನೆ.

ಅದಕ್ಕೆ m ಮೇಲಿನ ಅವಕಲನ ಬೇಕು. m ಒಂದಂಶ ಹೆಚ್ಚಿದರೆ ಒಂದು ಚುಕ್ಕೆಯ ದೋಷ x ಅಂಶ ಕುಗ್ಗುತ್ತದೆ. ಆದ್ದರಿಂದ ಈ ಸಲ −1 ಇದ್ದ ಜಾಗದಲ್ಲಿ −x ಬರುತ್ತದೆ:

∂S/∂m = −2 Σ x(y − mx − c) = 0

ಈ ಎರಡು ಸಮೀಕರಣಗಳನ್ನು ಬಿಡಿಸಿದರೆ ಕೆಲಸ ಮುಗಿಯುತ್ತದೆ. ಅನೇಕ ಪುಸ್ತಕಗಳು ಇಲ್ಲಿ ಎಲ್ಲವನ್ನೂ ಹರಡಿ ಬರೆದು, ಅರ್ಧ ಪುಟದ ಬೀಜಗಣಿತ ಮಾಡಿ, ಉದ್ದದ ಸೂತ್ರವೊಂದನ್ನು ಬಾಯಿಪಾಠಕ್ಕೆ ಕೊಡುತ್ತವೆ. ಅಷ್ಟು ಕಷ್ಟಪಡಬೇಕಿಲ್ಲ. c ಎಷ್ಟೆಂದು ಈಗಾಗಲೇ ಗೊತ್ತಿದೆ. ಅದರ ಜಾಗದಲ್ಲಿ ȳ − m x̄ ಬರೆದರೆ ಸಾಕು, ದೋಷ ತಾನಾಗಿ ಎರಡು ತುಂಡಾಗುತ್ತದೆ:

Σ x[(y − ȳ) − m(x − x̄)] = 0

ಚೌಕ ಆವರಣದೊಳಗೆ ಎಲ್ಲವೂ ಸರಾಸರಿಯಿಂದ ಎಷ್ಟು ದೂರ ಎಂಬ ಲೆಕ್ಕದಲ್ಲಿದೆ. ಹೊರಗೆ ಒಂಟಿ x ಮಾತ್ರ ಹಾಗೇ ಉಳಿದಿದೆ. ಆದರೆ ಆವರಣದೊಳಗಿನದು ದೋಷವೇ, ದೋಷಗಳ ಮೊತ್ತ ಸೊನ್ನೆಯೆಂದು ಮೊದಲ ಸಮೀಕರಣ ಹೇಳಿದೆ. ಸೊನ್ನೆಯನ್ನು x̄ ಎಂಬ ಸ್ಥಿರ ಸಂಖ್ಯೆಯಿಂದ ಗುಣಿಸಿ ಕಳೆದರೆ ಏನೂ ಕೆಡುವುದಿಲ್ಲ. ಹಾಗಾಗಿ ಹೊರಗಿನ x ಜಾಗದಲ್ಲಿಯೂ x − x̄ ಎಂದು ಧೈರ್ಯವಾಗಿ ಬರೆಯಬಹುದು. ಇಡೀ ವ್ಯುತ್ಪತ್ತಿಯಲ್ಲಿ ಜಾಣತನ ಬೇಕಾಗುವುದು ಈ ಒಂದು ಹೆಜ್ಜೆಗೆ ಮಾತ್ರ. ಆಮೇಲೆ m ಅನ್ನು ಒಂದು ಕಡೆಗೆ ತಂದರೆ ಸೂತ್ರ ಸಿದ್ಧ:

m = Σ(x − x̄)(y − ȳ) / Σ(x − x̄)²

ಸ್ಪ್ರಿಂಗಿನ ಅಂಕಿಗಳನ್ನು ಹಾಕಿದರೆ, x − x̄ ಎಂಬುದು −2, −1, 0, 1, 2. y − ȳ ಎಂಬುದು −4.0, −2.1, 0.2, 1.7, 4.2. ಜೋಡಿಜೋಡಿಯಾಗಿ ಗುಣಿಸಿದರೆ 8.0, 2.1, 0, 1.7, 8.4, ಒಟ್ಟು 20.2. ಛೇದದಲ್ಲಿ 4 + 1 + 0 + 1 + 4, ಅಂದರೆ 10. ಇಳಿಜಾರು 2.02. ಅದರಿಂದ c = 16.1 − 2.02 × 3 = 10.04. ನೂರು ಗ್ರಾಂಗೆ 2.02 ಸೆಂಟಿಮೀಟರ್ ಎಂದರೆ ಸ್ಪ್ರಿಂಗಿನ ಬಿಗಿತ ಮೀಟರಿಗೆ ಸುಮಾರು 48.5 ನ್ಯೂಟನ್.

ಲೆಕ್ಕ ಸರಿಯಾಗಿದೆಯೇ ಎಂದು ನೋಡಲು ಅವಕಲನದ ಎರಡು ಸಮೀಕರಣಗಳೇ ಸಾಕು. ಈ ಗೆರೆಗೆ ಐದು ದೋಷಗಳು 0.04, −0.08, 0.20, −0.32, 0.16. ಕೂಡಿಸಿದರೆ ಸೊನ್ನೆ. ಪ್ರತಿಯೊಂದನ್ನೂ ಅದರ x ಇಂದ ಗುಣಿಸಿ, 0.04 − 0.16 + 0.60 − 1.28 + 0.80 ಎಂದು ಕೂಡಿಸಿದರೂ ಸೊನ್ನೆ. ಎರಡರಲ್ಲಿ ಒಂದು ಸೊನ್ನೆಯಾಗದಿದ್ದರೂ ಎಲ್ಲೋ ಕೈ ತಪ್ಪಿದೆ ಎಂದೇ ಅರ್ಥ. ವರ್ಗಗಳ ಮೊತ್ತ ಈಗ 0.176. ಕಣ್ಣಂದಾಜಿನ y = 2x + 10.1 ಎಂಬ ಗೆರೆಗೆ 0.18 ಬಂದಿತ್ತು, ಅಷ್ಟೇನೂ ಹಿಂದೆ ಬಿದ್ದಿರಲಿಲ್ಲ. ಮೊದಲ ಮತ್ತು ಕೊನೆಯ ಚುಕ್ಕೆಗಳನ್ನು ಸೇರಿಸಿ ಗೆರೆ ಎಳೆಯುವ ಸೋಮಾರಿ ವಿಧಾನಕ್ಕೆ 0.235 ಬರುತ್ತದೆ.

ಅವಕಲನ ಸೊನ್ನೆಯಾದ ಮಾತ್ರಕ್ಕೆ ಅದು ತಳವೇ ಆಗಿರಬೇಕೆಂದಿಲ್ಲ, ಗುಡ್ಡದ ನೆತ್ತಿಯಲ್ಲೂ ಅದು ಸೊನ್ನೆಯೇ. ಈ ಸಂಶಯ ಬಗೆಹರಿಸಲು c ಜಾಗದಲ್ಲಿ ȳ − m x̄ ಇಟ್ಟು S ಅನ್ನು m ಒಂದರಲ್ಲೇ ಬರೆದು ನೋಡಬಹುದು. ಸ್ಪ್ರಿಂಗಿನ ಅಂಕಿಗಳಿಗೆ ಅದು ಹೀಗಾಗುತ್ತದೆ:

S = 40.98 − 40.4m + 10m²

ಇಲ್ಲಿ 40.98 ಎಂಬುದು y − ȳ ವರ್ಗಗಳ ಮೊತ್ತ, 40.4 ಎಂಬುದು 20.2ರ ಎರಡರಷ್ಟು. ಅವಕಲಿಸಿದರೆ −40.4 + 20m, ಸೊನ್ನೆಗೆ ಸಮ ಮಾಡಿದರೆ ಮತ್ತೆ 2.02. ಇನ್ನೊಮ್ಮೆ ಅವಕಲಿಸಿದರೆ 20, ಧನ ಸಂಖ್ಯೆ. m²ನ ಗುಣಕ ಸೂತ್ರದ ಛೇದವೇ, ಅದು ವರ್ಗಗಳ ಮೊತ್ತವಾದ್ದರಿಂದ ಎಂದೂ ಋಣವಾಗದು. ಹಾಗಾಗಿ ಬಾಣಲೆ ಯಾವಾಗಲೂ ಮೇಲ್ಮುಖ, ಅದಕ್ಕೆ ತಳವೂ ಒಂದೇ. ಛೇದ ಸೊನ್ನೆಯಾಗುವುದು ಎಲ್ಲ x ಬೆಲೆಗಳೂ ಒಂದೇ ಆಗಿದ್ದಾಗ ಮಾತ್ರ. ಐದು ಸಲವೂ 300 ಗ್ರಾಂ ತೂಕವನ್ನೇ ಹಾಕಿ ಅಳೆದವರಿಗೆ ಇಳಿಜಾರು ಸಿಗದೆ ಹೋದರೆ ಅದು ಸೂತ್ರದ ತಪ್ಪಲ್ಲ.

ಸೂತ್ರವನ್ನು ಸ್ವಲ್ಪ ಬೇರೆ ರೀತಿಯಲ್ಲಿ ಓದಿದರೆ ಅದರ ಸ್ವಭಾವ ಇನ್ನಷ್ಟು ಬಯಲಾಗುತ್ತದೆ. ಮೊಳೆ ಹೊಡೆದ ಸರಾಸರಿ ಚುಕ್ಕೆಯಿಂದ ಪ್ರತಿ ಚುಕ್ಕೆಗೂ ಒಂದೊಂದು ದಾರ ಕಟ್ಟಿದರೆ ಪ್ರತಿ ದಾರಕ್ಕೂ ಅದರದೇ ಇಳಿಜಾರು ಇರುತ್ತದೆ. ಮೊದಲ ಚುಕ್ಕೆಯ ದಾರದ ಇಳಿಜಾರು 4.0/2, ಅಂದರೆ 2.0. ಎರಡನೆಯದು 2.1, ನಾಲ್ಕನೆಯದು 1.7, ಐದನೆಯದು 2.1. ಮೂರನೆಯ ಚುಕ್ಕೆ ಮೊಳೆಯ ನೇರಕ್ಕೇ ಇರುವುದರಿಂದ ಇಳಿಜಾರಿನ ಬಗ್ಗೆ ಅದು ಬಾಯಿ ಬಿಡುವುದಿಲ್ಲ. ಸೂತ್ರ ಮಾಡುವುದೇನೆಂದರೆ ಈ ನಾಲ್ಕು ಇಳಿಜಾರುಗಳ ಸರಾಸರಿ ತೆಗೆಯುವುದು. ಆದರೆ ಎಲ್ಲಕ್ಕೂ ಸಮಾನ ಬೆಲೆ ಇಲ್ಲ. ನಡುವಿನಿಂದ ಎರಡು ಹೆಜ್ಜೆ ದೂರದ ಚುಕ್ಕೆಗೆ ನಾಲ್ಕು ಓಟು, ಒಂದು ಹೆಜ್ಜೆಯದಕ್ಕೆ ಒಂದೇ ಓಟು. 4 × 2.0 + 2.1 + 1.7 + 4 × 2.1 ಕೂಡಿಸಿ 10ರಿಂದ ಭಾಗಿಸಿದರೆ ಅದೇ 2.02. ದೂರದ ಚುಕ್ಕೆಗೆ ಹೆಚ್ಚು ಓಟು ಕೊಡುವುದರಲ್ಲಿ ನ್ಯಾಯವಿದೆ. ಮುಳ್ಳನ್ನು ಒಂದು ಮಿಲಿಮೀಟರ್ ತಪ್ಪಾಗಿ ಓದಿದರೆ ಹತ್ತಿರದ ಚುಕ್ಕೆಯ ದಾರ ಬಹಳ ತಿರುಗುತ್ತದೆ, ದೂರದ್ದು ಅಷ್ಟಾಗಿ ಅಲುಗದು. ಪ್ರಯೋಗ ಮಾಡುವವರು ತೂಕಗಳನ್ನು ಆದಷ್ಟು ಅಗಲಕ್ಕೆ ಹರಡಬೇಕೆಂದು ಹೇಳುವುದೂ ಇದೇ ಕಾರಣಕ್ಕೆ.

ಹೆಚ್ಚು ಓಟು ಇರುವವರು ಕೆಟ್ಟರೆ ಹಾನಿಯೂ ಹೆಚ್ಚು. ಕೊನೆಯ ಅಳತೆ 20.3 ಅನ್ನು ಬರೆದುಕೊಳ್ಳುವಾಗ ಅಂಕಿ ಅದಲುಬದಲಾಗಿ 23.0 ಎಂದಾಯಿತು ಎನ್ನಿ. ಇಳಿಜಾರು 2.02ರಿಂದ 2.56ಕ್ಕೆ ಹಾರುತ್ತದೆ. ಅದೇ 2.7ರ ತಪ್ಪು ನಡುವಿನ 16.3ರಲ್ಲಿ ಆಗಿದ್ದರೆ ಇಳಿಜಾರು ಒಂದಿಷ್ಟೂ ಬದಲಾಗುತ್ತಿರಲಿಲ್ಲ. c ಮಾತ್ರ 0.54ರಷ್ಟು ಮೇಲೇರುತ್ತಿತ್ತು. ತುದಿಯ ತಪ್ಪನ್ನು ಹಿಡಿಯುವುದು ಅಂದುಕೊಂಡಷ್ಟು ಸುಲಭವಲ್ಲ. 23.0 ಸೇರಿಸಿ ಎಳೆದ ಗೆರೆಗೆ ದೋಷಗಳು 0.58, −0.08, −0.34, −1.40, 1.24. ದೊಡ್ಡ ದೋಷ ಹುಡುಕುವವರು ನಾಲ್ಕನೆಯ ಚುಕ್ಕೆಯನ್ನು ಹಿಡಿದು ಶಿಕ್ಷಿಸುತ್ತಾರೆ. ನಿಜವಾಗಿ ತಪ್ಪಿದ್ದು ಐದನೆಯದು. ಅದು ಗೆರೆಯನ್ನೇ ತನ್ನತ್ತ ಎಳೆದುಕೊಂಡು ಅಮಾಯಕನಂತೆ ನಿಂತಿದೆ. ಅನುಮಾನವಿರುವ ಚುಕ್ಕೆಯನ್ನು ಬಿಟ್ಟು ಉಳಿದವಕ್ಕೆ ಮತ್ತೆ ಗೆರೆ ಎಳೆಯುವುದು ಇದಕ್ಕೆ ಮದ್ದು. ಮೊದಲ ನಾಲ್ಕು ಚುಕ್ಕೆಗಳಿಂದಲೇ ಲೆಕ್ಕ ಹಾಕಿದರೆ ಇಳಿಜಾರು 1.94, 500 ಗ್ರಾಂಗೆ ಮುಳ್ಳು 19.9ರಲ್ಲಿ ಇರಬೇಕು. 23.0 ಅದಕ್ಕಿಂತ ಮೂರು ಸೆಂಟಿಮೀಟರಿಗೂ ಹೆಚ್ಚು ದೂರ. ಆಗ ಕಳ್ಳ ಸಿಕ್ಕಿಬೀಳುತ್ತಾನೆ.

ಇನ್ನೊಂದು ತಪ್ಪು ಅಳತೆಯದಲ್ಲ, ಸೂತ್ರ ಬಳಸುವವರದು. ಸರಾಸರಿ ಕಳೆಯುವುದನ್ನು ಮರೆತು Σxy / Σx² ಎಂದು ನೇರವಾಗಿ ಭಾಗಿಸುವುದು. ಅದೂ ಒಂದು ಸರಿಯಾದ ಸೂತ್ರವೇ, ಆದರೆ ಬೇರೆ ಪ್ರಶ್ನೆಗೆ ಉತ್ತರ. ಗೆರೆ ಮೂಲಬಿಂದುವಿನ ಮೂಲಕವೇ ಹೋಗಬೇಕು, c ಸೊನ್ನೆಯೇ ಆಗಿರಬೇಕು ಎಂದು ಮೊದಲೇ ಕಟ್ಟುಹಾಕಿದಾಗ ಬರುವ ಸೂತ್ರ ಅದು. ಸ್ಪ್ರಿಂಗಿನ ಮುಳ್ಳು ತೂಕವಿಲ್ಲದಾಗಲೂ ಸುಮಾರು 10ರಲ್ಲಿ ನಿಂತಿರುವುದರಿಂದ ಇಲ್ಲಿ ಆ ಕಟ್ಟು ಸಲ್ಲದು. ಲೆಕ್ಕ ಹಾಕಿದರೆ 261.7 / 55, ಸುಮಾರು 4.76. ನಿಜದ ಇಳಿಜಾರಿನ ಎರಡರಷ್ಟಕ್ಕಿಂತಲೂ ಹೆಚ್ಚು. ದೋಷಗಳನ್ನು ನೋಡಿದರೆ ಮೊದಲ ಚುಕ್ಕೆಗೆ 7ಕ್ಕೂ ಮೇಲೆ, ಕೊನೆಯದಕ್ಕೆ −3ಕ್ಕೂ ಕೆಳಗೆ. ಮೊತ್ತವಂತೂ ಸೊನ್ನೆಯ ಹತ್ತಿರವೂ ಸುಳಿಯುವುದಿಲ್ಲ.

ದೋಷಗಳ ಮೊತ್ತ ಸೊನ್ನೆಯಾಗಿದ್ದರೂ ಅವು ಸಾಲಾಗಿ ಒಂದು ತುದಿಯಲ್ಲಿ ಧನ, ನಡುವೆ ಋಣ, ಮತ್ತೊಂದು ತುದಿಯಲ್ಲಿ ಮತ್ತೆ ಧನ ಎಂಬಂತೆ ಬಂದರೆ ಚುಕ್ಕೆಗಳು ನೇರ ಗೆರೆಯ ಮೇಲೆ ಇಲ್ಲ, ಬಾಗಿವೆ ಎಂದರ್ಥ. ಸ್ಪ್ರಿಂಗಿಗೆ ಅದರ ಶಕ್ತಿ ಮೀರಿ ತೂಕ ಹಾಕಿದರೆ ಹೀಗಾಗುತ್ತದೆ. ಸೂತ್ರ ಆಗಲೂ ಒಂದು ಇಳಿಜಾರನ್ನು ಮುಖದಲ್ಲಿ ಯಾವ ಅಳುಕೂ ಇಲ್ಲದೆ ಕೊಡುತ್ತದೆ. ನೇರ ಗೆರೆ ಬೇಕೇ ಎಂದು ಅದನ್ನು ಯಾರೂ ಕೇಳಿರಲಿಲ್ಲ. ಇದ್ದುದರಲ್ಲಿ ಒಳ್ಳೆಯ ನೇರ ಗೆರೆ ಯಾವುದೆಂದು ಮಾತ್ರ ಕೇಳಲಾಗಿತ್ತು.

ಇಲ್ಲಿಯವರೆಗೆ ದೋಷವನ್ನು ಅಳೆದದ್ದು ನೆಟ್ಟಗೆ, ಮೇಲಿನಿಂದ ಕೆಳಕ್ಕೆ. ಅದರ ಹಿಂದೆ ಒಂದು ನಂಬಿಕೆ ಅಡಗಿದೆ: ತೂಕಗಳು ನಿಖರ, ತಪ್ಪೆಲ್ಲ ಮುಳ್ಳನ್ನು ಓದುವುದರಲ್ಲಿ. x ಮತ್ತು y ಜಾಗ ಬದಲಿಸಿ, ದೋಷವನ್ನು ಅಡ್ಡಲಾಗಿ ಅಳೆದು ಅದೇ ಅವಕಲನ ಮಾಡಿದರೆ ಛೇದದಲ್ಲಿ 10ರ ಬದಲು 40.98 ಬರುತ್ತದೆ. ಆ ಗೆರೆಯ ಇಳಿಜಾರು 20.2 / 40.98, ಸುಮಾರು 0.4929. ಇದನ್ನು ತಲೆಕೆಳಗು ಮಾಡಿದರೆ 2.02 ಬರಬೇಕಿತ್ತಲ್ಲವೇ ಎನಿಸಬಹುದು. ಬರುವುದು ಸುಮಾರು 2.029. ಚುಕ್ಕೆಗಳು ಗೆರೆಗೆ ಇಷ್ಟು ಹತ್ತಿರ ಇರುವುದರಿಂದ ವ್ಯತ್ಯಾಸ ಕಣ್ಣಿಗೆ ಬೀಳುವಷ್ಟಿಲ್ಲ. ಚುಕ್ಕೆಗಳು ಚದುರಿದಷ್ಟೂ ಎರಡು ಗೆರೆಗಳು ಕತ್ತರಿಯ ಬಾಯಿಯಂತೆ ಅಗಲವಾಗುತ್ತವೆ. ಇದೇ ಸ್ಪ್ರಿಂಗನ್ನು ತಕ್ಕಡಿಯಂತೆ ಬಳಸಿ, ಗೊತ್ತಿಲ್ಲದ ವಸ್ತುವೊಂದನ್ನು ತೂಗುಹಾಕಿದಾಗ ಮುಳ್ಳು 17.0ರಲ್ಲಿ ನಿಂತರೆ ಯಾವ ಗೆರೆಯನ್ನು ನಂಬಬೇಕು? ತೂಕಗಳು ನಿಖರವಾಗಿದ್ದು ಓದುವುದರಲ್ಲಿ ಮಾತ್ರ ತಪ್ಪಾಗುವ ಇಂಥ ಕಡೆ ಮೊದಲಿನ ಗೆರೆಯನ್ನೇ ಹಿಂದಿನಿಂದ ಓದುವುದು ರೂಢಿ: 17.0ರಿಂದ 10.04 ಕಳೆದು 2.02ರಿಂದ ಭಾಗಿಸಿದರೆ 3.446, ಅಂದರೆ ಸುಮಾರು 345 ಗ್ರಾಂ.